ಮೂರು ಮಾತು, ಒಂದು ಪ್ರಶ್ನೆ

ನನ್ನ ತರಗತಿಯಲ್ಲಿ ಒಂದು ಕಟ್ಟಳೆಯುಂಟು. ಓದಿಕೊಂಡು ಬರಲು ಹೇಳಿದ ಕಥೆಯ ಮೇಲೆ ಪ್ರತಿಯೊಬ್ಬರೂ ಮೂರು ಮೊನಚಾದ ಮಾತು, ಒಂದು ಪ್ರಶ್ನೆ ಬರೆದು ತರಬೇಕು. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕೊಟ್ಟ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ನಿಮ್ಮ ಮೂರು ಮಾತು ಯಾವುವು?” ಎಂದಳು. “ನಾಳೆ ಹೇಳುತ್ತೇನೆ” ಎಂದೆ. ನನ್ನಲ್ಲಿದ್ದದ್ದು ವರ್ಷಗಳ ಹಿಂದಿನ ಟಿಪ್ಪಣಿ ಮಾತ್ರ ಎಂದು ಹೇಳಲು ನಾಲಗೆ ಏಳಲಿಲ್ಲ.

ರಾತ್ರಿ ಕಥೆಯನ್ನು ಮತ್ತೆ ಓದಿ, ಟಿಪ್ಪಣಿ ತೆಗೆದೆ. “ಅತ್ತೆ ಸೊಸೆಯರ ಜಗಳ ಸಹಜವಾಗಿ ಚಿತ್ರಿತವಾಗಿದೆ” ಎಂದಿತ್ತು. ಇದನ್ನು ಇನ್ನೂ ಹತ್ತು ಕಥೆಗಳಿಗೆ ಅಂಟಿಸಬಹುದು. ಅಂಟುವುದಾದರೆ ಮಾತು ಮೊಂಡು. ಪುಟ ತೆರೆದು ತೋರಿಸಲು ಬರಬೇಕು. ಇನ್ನೊಬ್ಬರು ಅದೇ ಪುಟ ತೋರಿಸಿ “ಹಾಗಲ್ಲ” ಎನ್ನಲೂ ಬರಬೇಕು. ಹಾಗಿದ್ದರೇ ಮೊನಚು.

ಟಿಪ್ಪಣಿಯನ್ನು ಬದಿಗಿಟ್ಟು ಬರೆಯತೊಡಗಿದೆ. ಮೊದಲನೆಯದು: ಕಥೆ ಹೇಳುವವಳು ಮೊಸರು ಕೊಳ್ಳುವ ಗೃಹಿಣಿ, ಮಂಗಮ್ಮನ ಮನೆಯನ್ನು ನಾವು ಕಾಣುವುದಿಲ್ಲ, ಅತ್ತೆ ಸೊಸೆಯರು ಹೇಳಿದ್ದನ್ನು ಕೇಳುತ್ತೇವೆ ಅಷ್ಟೆ. ಎರಡನೆಯದಕ್ಕೆ, “ಮಖಮಲ್ಲಿನ ಜಾಕೀಟು ಒಂಟಿತನದ ಸಂಕೇತ” ಎಂದು ಬರೆದು ಹೊಡೆದುಹಾಕಿದೆ. ಸಂಕೇತ ಎಂದೊಡನೆ ಯೋಚನೆ ನಿಂತುಹೋಗುತ್ತದೆ. “ಮಗನ ಮನೆಯಿಂದ ಬೇರೆಯಾದ ಮೇಲೆ ಕೂಡಿಟ್ಟ ಹಣ ಯಾರಿಗೆಂದು ತಿಳಿಯದೆ ತನಗೇ ಹೊಲಿಸಿಕೊಂಡಳು, ಇದು ಶೋಕಿಯಲ್ಲ, ದುಃಖ” ಎಂದು ತಿದ್ದಿದೆ. ಮೂರನೆಯದು: ಸಾಲ ಕೇಳುವ ರಂಗಪ್ಪ ತಾನಾಗಿ ಏನನ್ನೂ ಸಾಧಿಸುವುದಿಲ್ಲ, ಹಣ ಅವನ ಪಾಲಾದೀತೆಂಬ ಸೊಸೆಯ ಭಯವೇ ಮನೆಯನ್ನು ಒಂದುಗೂಡಿಸುತ್ತದೆ.

ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಿತು. ಉತ್ತರ ಗೊತ್ತಿದ್ದು ಕೇಳುವುದು ಪರೀಕ್ಷೆ. ಕಥೆಯಲ್ಲಿ ಆಧಾರವೇ ಇಲ್ಲದ್ದನ್ನು ಕೇಳುವುದು ಹರಟೆ. ಎರಡರ ನಡುವೆ ಇದು ಸಿಕ್ಕಿತು: ನಂಜಮ್ಮ ಮಗುವನ್ನು ಅಜ್ಜಿಯ ಬಳಿಗೆ ಕಳಿಸಿದ್ದು ಬರೀ ಲೆಕ್ಕಾಚಾರವೇ?

ಮರುದಿನ ಓದಿದೆ. ಹುಡುಗಿ ಪುಸ್ತಕ ತೆರೆದೇ ಎದ್ದಳು. “ಮೂರನೆಯದು ಪೂರ್ತಿ ಸರಿಯಲ್ಲ ಸಾರ್. ಅಜ್ಜಿ ಮೊಮ್ಮಗನನ್ನು ಬಯಸದೆ ಇದ್ದಿದ್ದರೆ ಸೊಸೆಯ ಭಯದಿಂದ ಏನಾಗುತ್ತಿತ್ತು? ಮಗು ಅವಳನ್ನು ಸೋಲಿಸುತ್ತದೆಂದು ನಂಜಮ್ಮನಿಗೆ ಗೊತ್ತಿತ್ತು. ಲೆಕ್ಕ ಹಾಕಿದ್ದೇ ಪ್ರೀತಿಯನ್ನು ನಂಬಿ.”

ನನ್ನ ಪ್ರಶ್ನೆಗೆ ಉತ್ತರವೂ ಅದರಲ್ಲೇ ಬಂದುಬಿಟ್ಟಿತ್ತು. ಮೂರನೆಯ ಮಾತನ್ನು ಎಲ್ಲರೆದುರೇ ಹೊಡೆದುಹಾಕಿದೆ. ಕಟ್ಟಳೆಗೆ ಒಂದು ಸಾಲು ಸೇರಿಸಿದ್ದೇನೆ: ಇನ್ನು ಮೇಲೆ ಮೇಷ್ಟರೂ ಬರೆದು ತರತಕ್ಕದ್ದು.