ಜ್ವರ ಬಂದದ್ದು ಯಾರಿಗೆ, ಕರ್ತೃ ಯಾರು?

ಕನ್ನಡದ ಯಾವ ಮನೆಯಲ್ಲೇ ಆಗಲಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ‘ನನಗೆ’ ಎಂದು ಶುರುವಾಗುವ ಮಾತಿಗೆ ಬರವಿಲ್ಲ. ನನಗೆ ಹಸಿವಾಗ್ತಿದೆ, ನನಗೆ ನಿದ್ದೆ ಬರ್ತಿದೆ, ನನಗೆ ಉಪ್ಪಿಟ್ಟು ಬೇಡ, ನನಗೆ ಈ ಲೆಕ್ಕ ಬರೋದಿಲ್ಲ, ನನಗೇನು ಗೊತ್ತು? ಉಂಡವನು ‘ನಾನು ಉಂಡೆ’ ಎನ್ನುತ್ತಾನೆ. ಆದರೆ ಉಣ್ಣುವ ಮೊದಲು ಅವನಿಗೆ ಹಸಿವಾಗಿರುತ್ತದೆ. ಮಾಡುವ ಕೆಲಸಕ್ಕೆ ‘ನಾನು’, ಆಗುವ ಅನುಭವಕ್ಕೆ ‘ನನಗೆ’. ಮೂರು ವರ್ಷದ ಮಗುವೂ ಇದರಲ್ಲಿ ತಪ್ಪುವುದಿಲ್ಲ. ಮಾತನಾಡುವವರೆಗೆ ತೊಡಕೇ ಇಲ್ಲ. ತೊಡಕು ಹುಟ್ಟುವುದು ವ್ಯಾಕರಣದ ಪ್ರಶ್ನೆಪತ್ರಿಕೆಯಲ್ಲಿ.

ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯ ಕನ್ನಡ ಮೇಷ್ಟ್ರು ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ಐದು ವಾಕ್ಯ ಕೊಟ್ಟು, ಕರ್ತೃಪದದ ಕೆಳಗೆ ಗೆರೆ ಎಳೆಯಲು ಹೇಳಿದ್ದರು. ನಾಲ್ಕು ವಾಕ್ಯಗಳಿಗೆ ಮಕ್ಕಳು ಸರಾಗವಾಗಿ ಉತ್ತರಿಸಿದರು. ಐದನೆಯದು ‘ಹುಡುಗಿಗೆ ಜ್ವರ ಬಂತು’. ಅರ್ಧಕ್ಕಿಂತ ಹೆಚ್ಚು ಮಕ್ಕಳು ಗೆರೆ ಎಳೆದದ್ದು ‘ಹುಡುಗಿಗೆ’ ಎಂಬ ಪದಕ್ಕೆ. ಮೇಷ್ಟ್ರು ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ‘ಜ್ವರ’ ಎಂದು ತಿದ್ದಿ ಒಂದು ಅಂಕ ಕಳೆದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಕೆಲಸ ಮಾಡೋರು ಕರ್ತೃ ಅಂತ ನೀವೇ ಹೇಳಿದ್ರಿ. ಜ್ವರ ಏನು ಕೆಲಸ ಮಾಡ್ತು?” ಎಂದು ಕೇಳಿದಳು. ಮಾರನೆಯ ದಿನ ಅವಳ ತಂದೆಯೂ ಬಂದರು. “ಒಂದು ಮಾರ್ಕಿಗೋಸ್ಕರ ಬಂದಿಲ್ಲ ಮೇಷ್ಟ್ರೇ. ರಾತ್ರಿ ಕೇಳಿದ್ಲು, ನನಗೂ ಉತ್ತರ ಹೇಳೋಕೆ ಆಗ್ಲಿಲ್ಲ” ಎಂದರು.

ಮೇಷ್ಟ್ರ ಮೊದಲ ಉತ್ತರ ಪಠ್ಯಪುಸ್ತಕದ್ದೇ. ಕರ್ತೃಪದ ಸಾಮಾನ್ಯವಾಗಿ ಪ್ರಥಮಾ ವಿಭಕ್ತಿಯಲ್ಲಿರುತ್ತದೆ. ಕ್ರಿಯಾಪದ ತನ್ನ ಲಿಂಗ, ವಚನಗಳನ್ನು ಅದರಿಂದಲೇ ಪಡೆಯುತ್ತದೆ. ‘ಅಜ್ಜಿಗೆ ಮೊಮ್ಮಗಳು ನೆನಪಾದಳು’ ಎಂಬ ವಾಕ್ಯದಲ್ಲಿ ‘ಮೊಮ್ಮಗಳು’ ಇದ್ದಲ್ಲಿ ‘ಮೊಮ್ಮಕ್ಕಳು’ ಎಂದು ಬದಲಿಸಿದರೆ ಕ್ರಿಯಾಪದವೂ ‘ನೆನಪಾದರು’ ಎಂದು ಬದಲಾಗುತ್ತದೆ. ಅಜ್ಜಿಯ ಜಾಗದಲ್ಲಿ ಅಜ್ಜನನ್ನು ತಂದರೂ, ಊರಿನವರನ್ನೆಲ್ಲ ತಂದರೂ ಅದು ಅಲುಗುವುದಿಲ್ಲ. ಹಾಗೆಯೇ ಹುಡುಗಿಗೆ ಬರಲಿ, ಹುಡುಗರಿಗೆ ಬರಲಿ, ಜ್ವರ ‘ಬಂತು’ ಅಷ್ಟೆ. ಈ ಲೆಕ್ಕದಲ್ಲಿ ಮೇಷ್ಟ್ರು ತಿದ್ದಿದ್ದು ಸರಿಯೇ.

ಆದರೆ ಹುಡುಗಿಯ ಪ್ರಶ್ನೆ ಅವರನ್ನು ಬಿಡಲಿಲ್ಲ. ಕ್ರಿಯಾಪದದ ರೂಪ ಒಂದೇ ಸಾಕ್ಷಿಯೇ? ಒಂದು ಪದ ಕರ್ತೃ ಆಗಿದ್ದರೆ ವಾಕ್ಯದಲ್ಲಿ ಅದು ಬೇರೆ ಕೆಲಸಗಳನ್ನೂ ಮಾಡಬೇಕಲ್ಲ? ಭಾಷಾವಿಜ್ಞಾನಿಗಳು ಸುಮಾರು ಐವತ್ತು ವರ್ಷಗಳಿಂದ ಚರ್ಚಿಸುತ್ತಿರುವುದು ಇದನ್ನೇ. ಅಮೆರಿಕದ ಎಡ್ವರ್ಡ್ ಕೀನನ್ 1976ರಲ್ಲಿ ಈ ಬಗ್ಗೆ ಬರೆದ ಲೇಖನ ಹೆಸರಾಯಿತು. ಕರ್ತೃಪದ ಎನ್ನುವುದು ಒಂದೇ ಗುಣದಿಂದ ಗುರುತಾಗುವುದಿಲ್ಲ, ಅದು ಹಲವು ಗುಣಗಳ ಗೊಂಚಲು ಎಂಬುದು ಅವರ ವಾದ. ವಿಭಕ್ತಿ, ಕ್ರಿಯಾಪದದ ಹೊಂದಾಣಿಕೆ ಇವು ಮೇಲೆ ಕಾಣುವ ಗುಣಗಳು. ವಾಕ್ಯದ ಉಳಿದ ಪದಗಳೊಡನೆ ಅದು ನಡೆದುಕೊಳ್ಳುವ ರೀತಿ ಒಳಗಿನ ಗುಣ. ಕನ್ನಡದ ಎಸ್. ಎನ್. ಶ್ರೀಧರ್ ಅದೇ ದಶಕದಲ್ಲಿ ‘ನನಗೆ’, ‘ಅವನಿಗೆ’ಗಳನ್ನು ಇಂಥ ಒರೆಗೆ ಹಚ್ಚಿದರು. ಆ ಬಗೆಯ ಎರಡು ಪರೀಕ್ಷೆಗಳನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲೇ ಮಾಡಿ ನೋಡಬಹುದು.

ಮೊದಲನೆಯದು ‘ತನ್ನ’ ಎಂಬ ಪದದ್ದು. ‘ಅಕ್ಕ ತಂಗಿಗೆ ತನ್ನ ಸೈಕಲ್ ಕೊಟ್ಟಳು’ ಎಂದರೆ ಸೈಕಲ್ ಯಾರದು? ಅಕ್ಕನದು. ವಾಕ್ಯದಲ್ಲಿ ತಂಗಿಯೂ ಇದ್ದಾಳೆ, ಆದರೆ ‘ತನ್ನ’ ಎನ್ನುವುದು ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಕರ್ತೃವನ್ನು ಹುಡುಕಿಕೊಂಡು ಹೋಗುತ್ತದೆ. ಈಗ ‘ತಂಗಿಗೆ ತನ್ನ ಸೈಕಲ್ ನೆನಪಾಯಿತು’ ಎನ್ನಿ. ಸೈಕಲ್ ತಂಗಿಯದು! ಎರಡೂ ಕಡೆ ಅದೇ ‘ತಂಗಿಗೆ’, ಅದೇ ‘ಗೆ’ ಪ್ರತ್ಯಯ. ಕೊಡುವ ವಾಕ್ಯದಲ್ಲಿ ತಂಗಿಗೆ ‘ತನ್ನ’ ಎಂಬುದರ ಮೇಲೆ ಹಕ್ಕಿಲ್ಲ, ನೆನಪಿನ ವಾಕ್ಯದಲ್ಲಿ ಆ ಹಕ್ಕು ಬಂದುಬಿಟ್ಟಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ‘ನಾನು’, ‘ನೀನು’ ಇರುವ ವಾಕ್ಯದಲ್ಲಿ ‘ನನ್ನ’, ‘ನಿನ್ನ’ ಎಂದೇ ಹೇಳುವುದರಿಂದ ಈ ಪರೀಕ್ಷೆ ಅಲ್ಲಿ ನಡೆಯದು. ಮೂರನೆಯವರ ಮಾತಾಗಿರಬೇಕು.

ಎರಡನೆಯದು ‘ಓದಿ’, ‘ನೆನೆದು’, ‘ಬಂದು’ ಎಂಬಂಥ ಅಪೂರ್ಣ ಕ್ರಿಯಾಪದಗಳದ್ದು. ‘ಪತ್ರ ಓದಿ ಅಪ್ಪ ಅಮ್ಮನಿಗೆ ಹಣ ಕೊಟ್ಟರು’ ಎಂದಾಗ ಪತ್ರ ಓದಿದವರು ಅಪ್ಪ. ಇನ್ನು ‘ಪತ್ರ ಓದಿ ಅಮ್ಮನಿಗೆ ಸಂತೋಷವಾಯಿತು’ ಎಂದರೆ? ಓದಿದವರು ಅಮ್ಮ. ಸಂತೋಷ ಪತ್ರ ಓದುವುದಿಲ್ಲ. ಹಾಗೆಯೇ ‘ಮಳೆಯಲ್ಲಿ ನೆನೆದು ಹುಡುಗಿಗೆ ಜ್ವರ ಬಂತು’. ನೆನೆದದ್ದು ಹುಡುಗಿ, ಜ್ವರವಲ್ಲ. ತಿರುಗಿಸಿ ಹೇಳಿದರೂ ಅಷ್ಟೆ: ‘ನಾಚಿಕೆಯಾಗಿ ಹುಡುಗಿ ಒಳಗೆ ಓಡಿದಳು’. ನಾಚಿಕೆಯಾದದ್ದು ಯಾರಿಗೆ ಎಂದು ವಾಕ್ಯ ಹೇಳಿಲ್ಲ. ಕೇಳಿದವರಿಗೆ ಸಂಶಯವೂ ಬರುವುದಿಲ್ಲ. ಹೇಳದೆ ಬಿಟ್ಟ ಆ ‘ಹುಡುಗಿಗೆ’ ಮತ್ತು ಹೇಳಿದ ‘ಹುಡುಗಿ’ ಸಮಾನಸ್ಥಾನದಲ್ಲಿ ಕೂತಿದ್ದಾರೆ.

ಹೀಗೆ ನೋಡಿದರೆ ಮಕ್ಕಳು ಗೆರೆ ಎಳೆದದ್ದು ಕುರುಡು ಊಹೆಯಿಂದಲ್ಲ. ವಿಭಕ್ತಿ ಮತ್ತು ಹೊಂದಾಣಿಕೆಗಳು ‘ಜ್ವರ’ದ ಪರ ಸಾಕ್ಷಿ ಹೇಳಿದರೆ, ‘ತನ್ನ’ ಮತ್ತು ‘ನೆನೆದು’ ‘ಹುಡುಗಿ’ಯ ಪರ ನಿಲ್ಲುತ್ತವೆ. ಸಾಕ್ಷಿಗಳೇ ಎರಡು ಪಾಲಾಗಿವೆ. ಇದು ಕನ್ನಡವೊಂದರ ಕತೆಯೂ ಅಲ್ಲ. ತಮಿಳು, ಮಲಯಾಳಂ, ಹಿಂದಿ, ಮರಾಠಿಗಳಲ್ಲೂ ಇಂಥ ವಾಕ್ಯಗಳಿವೆ. ಈ ಭಾಷೆಗಳ ಅನುಭವದ ವಾಕ್ಯಗಳ ಮೇಲೆಯೇ ಮಣೀಂದ್ರ ವರ್ಮ ಮತ್ತು ಕೆ. ಪಿ. ಮೋಹನನ್ ಸಂಪಾದಿಸಿದ ದೊಡ್ಡ ಪುಸ್ತಕವೊಂದು 1990ರಲ್ಲಿ ಹೊರಬಂತು. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇದು ಇತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಮೀಥಿಂಕ್ಸ್’ ಎಂಬ ಮಾತಿನ ಅರ್ಥ ‘ನನಗೆ ತೋರುತ್ತದೆ’ ಎಂದೇ. ಆಮೇಲೆ ಇಂಗ್ಲಿಷ್ ಆ ಜಾಡು ಬಿಟ್ಟು, ಇಷ್ಟಪಡುವುದಕ್ಕೂ ಯೋಚಿಸುವುದಕ್ಕೂ ‘ಐ’ ಎಂದೇ ಶುರುಮಾಡಿತು. ಇಂಗ್ಲಿಷ್ ವ್ಯಾಕರಣದ ‘ಸಬ್ಜೆಕ್ಟ್’ ಅನ್ನು ಕನ್ನಡದ ಮೇಲೆ ಇಟ್ಟು ನೋಡುವ ಮಕ್ಕಳಿಗೆ ಗೊಂದಲವಾಗುವುದು ಇದರಿಂದಲೂ ಹೌದು.

ಸಂಸ್ಕೃತ ವ್ಯಾಕರಣದಲ್ಲಿ ಉತ್ತರ ಸಿಕ್ಕೀತೇ ಎಂದು ಮೇಷ್ಟ್ರು ಹುಡುಕಿದರು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರ ಈ ಮಾತಿಗೇ ಹತ್ತಿರವಾದದ್ದು. ರುಚಿಸುವುದು ಎಂಬರ್ಥದ ಧಾತುಗಳಿದ್ದಲ್ಲಿ, ಯಾರಿಗೆ ರುಚಿಸುತ್ತದೆಯೋ ಅವರನ್ನು ಅದು ‘ಸಂಪ್ರದಾನ’ ಎನ್ನುತ್ತದೆ. ಕರ್ತೃವಿನ ಪಟ್ಟ ರುಚಿಸುವ ವಸ್ತುವಿಗೆ. ಕಡುಬು ಕರ್ತೃ, ತಿಂದು ಮೆಚ್ಚಿದವನು ಸಂಪ್ರದಾನ! ಆದರೆ ಅಲ್ಲೇ ಇನ್ನೊಂದು ಪಾಠವೂ ಇದೆ. ಪಾಣಿನಿಯ ಕರ್ತೃ ಪ್ರಥಮಾ ವಿಭಕ್ತಿಗೆ ಅಂಟಿಕೊಂಡವನಲ್ಲ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃ ರಾಮನೇ, ಕ್ರಿಯಾಪದ ಹೊಂದಿಕೊಂಡದ್ದು ರಾವಣನಿಗೆ. ಅಂದರೆ ಯಾರು ಮಾಡಿದರು ಎಂಬ ಪ್ರಶ್ನೆ ಒಂದು, ಕ್ರಿಯಾಪದ ಯಾವ ಪದಕ್ಕೆ ಹೊಂದುತ್ತದೆ ಎಂಬುದು ಇನ್ನೊಂದು. ಪರೀಕ್ಷೆಯ ಪ್ರಶ್ನೆ ಇವೆರಡನ್ನೂ ‘ಕರ್ತೃಪದ’ ಎಂಬ ಒಂದೇ ಚೀಲಕ್ಕೆ ತುಂಬಿತ್ತು.

ಚೀಲವೇ ಬೇಡ ಎಂದವರೂ ಇದ್ದಾರೆ. ಡಿ. ಎನ್. ಶಂಕರ ಭಟ್ಟರು 1991ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ಎಲ್ಲ ಭಾಷೆಗಳಿಗೂ ‘ಸಬ್ಜೆಕ್ಟ್’ ಎಂಬ ಕಲ್ಪನೆ ಬೇಕೇಬೇಕೆಂದಿಲ್ಲ ಎಂದು ವಾದಿಸಿದರು. ಇಂಗ್ಲಿಷಿನಲ್ಲಿ ಮಾಡಿದವರು ಯಾರು ಎಂಬುದನ್ನೂ, ಮಾತು ಯಾರ ಕುರಿತು ಎಂಬುದನ್ನೂ ವಾಕ್ಯದ ಮೊದಲ ಜಾಗವೊಂದೇ ಹೊರಬೇಕು. ಕನ್ನಡದಲ್ಲಿ ಮೊದಲನೆಯದನ್ನು ವಿಭಕ್ತಿ ಹೇಳುತ್ತದೆ, ಎರಡನೆಯದನ್ನು ಪದಗಳ ಕ್ರಮ ಹೇಳುತ್ತದೆ. ಎರಡು ಕೆಲಸಕ್ಕೆ ಇಬ್ಬರು ಆಳುಗಳಿರುವಾಗ ಮೂರನೆಯವನೇಕೆ ಎಂಬ ಧಾಟಿಯ ವಾದವಿದು.

ಒಳಗಿನ ಗುಣಗಳ ಪರೀಕ್ಷೆಗೂ ಮಿತಿಯಿದೆ. ‘ಮಳೆ ಬಂದು ರಸ್ತೆ ಕೆಸರಾಯಿತು’ ಎಂಬಲ್ಲಿ ಬಂದದ್ದು ಬೇರೆ, ಕೆಸರಾದದ್ದು ಬೇರೆ. ಎರಡು ಕ್ರಿಯೆಗೂ ಕರ್ತೃ ಒಂದೇ ಇರಬೇಕೆಂಬ ನಿಯಮ ಇಲ್ಲಿ ಸಡಿಲವಾಯಿತು. ಹಾಗಾದರೆ ‘ತನ್ನ’ ಮತ್ತು ‘ಓದಿ’ ಹುಡುಕುವುದು ನಿಜವಾಗಿಯೂ ಕರ್ತೃವನ್ನೋ, ಅಥವಾ ಮನಸ್ಸುಳ್ಳ, ಮಾತಿನ ಕೇಂದ್ರದಲ್ಲಿರುವ ವ್ಯಕ್ತಿಯನ್ನೋ? ಹುಡುಗಿಯ ಪರ ವಾದಿಸುವವರು ಇದಕ್ಕೆ ಉತ್ತರ ಕೊಡಬೇಕು. ಜ್ವರದ ಪರ ಇರುವವರೂ ಸುಮ್ಮನಿರುವಂತಿಲ್ಲ. ‘ನನಗೆ ಗೊತ್ತು’, ‘ಅವಳಿಗೆ ಸಾಕು’ ಎಂಬಲ್ಲಿ ಕ್ರಿಯಾಪದ ಯಾರಿಗೂ ಹೊಂದಿಕೊಳ್ಳುವುದೇ ಇಲ್ಲ. ಅಲ್ಲಿ ಗೆರೆ ಎಲ್ಲಿ ಎಳೆಯಬೇಕು?

ಮೇಷ್ಟ್ರು ಆ ವಾಕ್ಯಕ್ಕೆ ಎರಡೂ ಉತ್ತರಗಳಿಗೆ ಅಂಕ ಕೊಟ್ಟರು. ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಒಡೆದು ಎರಡು ಮಾಡಿದರು: ಕ್ರಿಯಾಪದ ಯಾವ ಪದಕ್ಕೆ ಹೊಂದಿಕೊಂಡಿದೆ? ಅನುಭವ ಯಾರದು? ಆದರೂ ಹುಡುಗಿಯ ತಂದೆಗೆ ಒಂದು ಮಾತು ಹೇಳಿದರು. “ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಥಮಾ ವಿಭಕ್ತಿಯ ಪದವನ್ನೇ ಬರೀಲಿ. ಯಾಕೆ ಹಾಗೆ ಬರೀತಿದ್ದೀನಿ ಅನ್ನೋದು ಅವಳಿಗೆ ಗೊತ್ತಿದ್ರೆ ಸಾಕು.”

ಹೆಸರು ಏನೇ ಇಡಲಿ, ಈ ‘ಗೆ’ ಕಾಯುವ ವ್ಯತ್ಯಾಸ ಮಾತ್ರ ಗಟ್ಟಿಯಾದದ್ದು. ‘ಅವನು ಬೇಕೆಂದೇ ಕೋಪ ಮಾಡಿಕೊಂಡ’ ಎನ್ನಬಹುದು. ‘ಅವನಿಗೆ ಬೇಕೆಂದೇ ಕೋಪ ಬಂತು’ ಎಂದರೆ ಕಿವಿ ಒಪ್ಪುವುದಿಲ್ಲ. ತಮ್ಮನಿಗೆ ಹೊಡೆದ ಹುಡುಗ ಅಮ್ಮನ ಮುಂದೆ “ನಾನು ಕೋಪ ಮಾಡಿಕೊಂಡೆ” ಎನ್ನುವುದಿಲ್ಲ, “ನನಗೆ ಕೋಪ ಬಂತು” ಎನ್ನುತ್ತಾನೆ. ಹೊಡೆದದ್ದು ತಾನೇ, ಆದರೆ ಕೋಪವನ್ನು ಕರೆದದ್ದು ತಾನಲ್ಲ ಎಂದು ಅವನು ವ್ಯಾಕರಣದಲ್ಲೇ ವಾದ ಹೂಡಿದ್ದಾನೆ. ಅಮ್ಮನಿಗೆ ಅದು ಅರ್ಥವಾಗುತ್ತದೆ. “ಬಂದ ಕೋಪ ನುಂಗ್ಕೋಬೇಕಿತ್ತು” ಎಂದು ಅವಳು ಬೈಯುವುದೂ ಅದಕ್ಕೇ.