ಮುತ್ಯಾನ ನೆನಪಿಗೆ ಎಷ್ಟು ಅಂಕ?

ನಮ್ಮ ಶಾಲೆಯ ಒಂಬತ್ತನೆಯ ತರಗತಿಯವರಿಗೆ ನಾನು ಸಮಾಜ ವಿಜ್ಞಾನ ಹೇಳುತ್ತೇನೆ. ಮನೆಯ ಹಿರಿಯರಿಂದ ಒಂದು ಹಳೆಯ ಘಟನೆಯ ನೆನಪು ಕೇಳಿ, ಮೊಬೈಲಿನಲ್ಲಿ ದಾಖಲಿಸಿ, ಬರೆದುಕೊಂಡು ಬರುವ ಕೆಲಸವನ್ನು ಅವರಿಗೆ ಕೊಡುವುದು ರೂಢಿ. ಘಟನೆಯನ್ನು ನಾನೇ ಆರಿಸುತ್ತೇನೆ, ಅದು 1993ರ ಕಿಲ್ಲಾರಿ ಭೂಕಂಪ. ಇದಕ್ಕೆ ಕಾರಣವಿದೆ. ಆ ವರ್ಷ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ ಕಲಬುರಗಿಯಿಂದ ನೇರ ದಾರಿಯಲ್ಲಿ ನೂರು ಕಿಲೋಮೀಟರಿಗಿಂತ ಹತ್ತಿರ. ಇಲ್ಲಿನ ಮುತ್ಯಾ, ಆಯಿಗಳಿಗೆಲ್ಲ ಆ ರಾತ್ರಿ ನೆನಪಿದೆ. ಗಳಿಗೆ ಖಚಿತವಾಗಿ ಗೊತ್ತಿರುವುದರಿಂದ, ನೆನಪನ್ನು ಅದರ ಪಕ್ಕಕ್ಕಿಟ್ಟು ನೋಡಲೂ ಬರುತ್ತದೆ.

ಮಕ್ಕಳು ಮೊದಲು ಬರೆದು ತರುವ ಪ್ರಶ್ನೆಗಳು ಸಾಮಾನ್ಯವಾಗಿ ಹೀಗಿರುತ್ತವೆ: "ಭೂಕಂಪ ಆದಾಗ ನಿಮಗೆ ಬಹಳ ಹೆದರಿಕೆ ಆಯ್ತೇನ್ರಿ?" ಇದಕ್ಕೆ "ಹೂಂ, ಆಯ್ತು" ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹೆದರಿಕೆ ಎಂಬ ಶಬ್ದವನ್ನು ಹುಡುಗನೇ ಅಜ್ಜನ ಬಾಯಿಗೆ ಹಾಕಿದ ಹಾಗಾಯಿತು. ಅದರ ಬದಲು "ಆ ರಾತ್ರಿ ನೀವು ಎಲ್ಲಿ ಮಲಗಿದ್ರಿ?" ಎಂದು ಕೇಳಿದರೆ, ಮುದುಕರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಅಂಗಳ ಬರುತ್ತದೆ, ಹೊರಸು ಬರುತ್ತದೆ, ಪಕ್ಕದಲ್ಲಿ ಮಲಗಿದ್ದ ಕೂಸು ಬರುತ್ತದೆ. ಮೊದಲು ಏನು ಕೇಳಿಸಿತು, ಅದು ಏನೆಂದು ಅಂದುಕೊಂಡಿರಿ, ಯಾರನ್ನು ಎಬ್ಬಿಸಿದಿರಿ, ನಿಮ್ಮ ಮನೆಯ ಗೋಡೆ ಯಾವುದರದು, ಮಾಳಿಗೆ ಯಾವುದರದು, ಮುಂದಿನ ರಾತ್ರಿಗಳನ್ನು ಎಲ್ಲಿ ಕಳೆದಿರಿ ಎಂದು ಇಷ್ಟು ಪ್ರಶ್ನೆ ಸಾಕು. ಗೋಡೆ, ಮಾಳಿಗೆಯ ಪ್ರಶ್ನೆ ಅಡ್ಡ ಬಂದಂತೆ ಕಾಣುತ್ತದೆ, ಆದರೆ ಕಿಲ್ಲಾರಿ ಕಡೆ ಅಷ್ಟು ಜನ ಸತ್ತದ್ದಕ್ಕೆ ಕಾರಣವೇ ಅದರೊಳಗಿದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಹೊರೆಗಟ್ಟಲೆ ಮಣ್ಣು ಹೊತ್ತ ಮಾಳಿಗೆ, ಎರಡೂ ಮಲಗಿದವರ ಮೇಲೆ ಬಿದ್ದವು.

ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಮಕ್ಕಳನ್ನು ಒಂದು ಸಂಜೆ ಶರಣಬಸವೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ದರ್ಶನ ಮುಗಿಸಿ ಕೂತ ಹಿರಿಯರಿಗೆ ಮಾತಾಡುವ ಪುರಸೊತ್ತು ಇರುತ್ತದೆ. ಮಕ್ಕಳಿಗೆ ಅಲ್ಲಿ ತಿಳಿಯುವ ಮೊದಲ ಸಂಗತಿಯೆಂದರೆ ಹಿರಿಯರು ಇಸವಿಯಿಂದ ಕಾಲ ಎಣಿಸುವುದಿಲ್ಲ ಎಂಬುದು. "1993ರಲ್ಲಿ" ಎಂದರೆ ಕೆಲವರು ತಲೆ ಕೆರೆದುಕೊಳ್ಳುತ್ತಾರೆ. "ಗಣಪತಿ ಕಳಿಸಿದ ರಾತ್ರಿ" ಎಂದರೆ ಥಟ್ಟನೆ ನೆನಪಾಗುತ್ತದೆ, ಏಕೆಂದರೆ ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಮಲಗಿದ ರಾತ್ರಿಯೇ ಅದು. ಮಗಳ ಮದುವೆ ಅಪ್ಪನ ಜಾತ್ರೆಗಿಂತ ಮೊದಲೋ ಆಮೇಲೋ ಎಂದು ಕೇಳಿದರೂ ಹಾಗೆಯೇ. ಜಾತ್ರೆ ಹೋಳಿ ಹುಣ್ಣಿಮೆಯಾದ ಮೇಲೆ ಬರುವುದರಿಂದ ತಿಂಗಳು ತಾನಾಗಿ ಸಿಗುತ್ತದೆ.

ಕಮಲಾಪುರ ಕಡೆಯ ಒಬ್ಬ ಹುಡುಗಿ ತಂದ ಬರಹವನ್ನು ಹೇಳಿದರೆ ಅಂಕದ ಮಾತು ಸುಲಭವಾದೀತು. ಅವಳ ಆಯಿ ಖಚಿತವಾಗಿ ಹೇಳಿದ್ದರು, "ಹನ್ನೆರಡು ಗಂಟಿ ಆಗಿತ್ತವ್ವ." ಹುಡುಗಿ ತಿದ್ದಲಿಲ್ಲ, "ಇಲ್ಲ ಆಯಿ, ಪುಸ್ತಕದಾಗ ನಾಲ್ಕು ಅಂತದ" ಎಂದು ಅನ್ನಲೂ ಇಲ್ಲ. "ಹೊರಗ ಓಡಿಬಂದಾಗ ಏನು ಕಂಡಿತು?" ಎಂದಷ್ಟೇ ಕೇಳಿದಳು. ಆಯಿ ಹೇಳಿದರು: "ಬೆಳದಿಂಗಳಿತ್ತು. ಬೇವಿನ ಗಿಡದ ನೆರಳು ಉದ್ದಕ ಬಿದ್ದಿತ್ತು, ಅಂಗಳ ದಾಟಿ ಮುಂದಿನ ಮನಿ ಕಟ್ಟಿಗಿ ಹೋಗಿತ್ತು." ಈ ಮಾತೇ ಸಮಯ ಹೇಳುತ್ತದೆ. ಮರುದಿನ ಹುಣ್ಣಿಮೆ. ಹುಣ್ಣಿಮೆಯ ಆಸುಪಾಸಿನ ಚಂದ್ರ ನಡುರಾತ್ರಿಗೆ ನೆತ್ತಿಯ ಹತ್ತಿರ ಇರುತ್ತಾನೆ, ಆಗ ಗಿಡದ ನೆರಳು ಬುಡದಲ್ಲೇ ಮುದುಡಿರುತ್ತದೆ. ನೆರಳು ಗಿಡಕ್ಕಿಂತ ಉದ್ದವಾಗಿ ಚಾಚಬೇಕಾದರೆ ಚಂದ್ರ ಪಡುವಣಕ್ಕೆ ಇಳಿದಿರಬೇಕು, ಅಂದರೆ ನಸುಕಾಗಿರಬೇಕು. ಆಯಿಯ ಗಂಟೆ ತಪ್ಪಿತ್ತು, ಕಣ್ಣು ತಪ್ಪಿರಲಿಲ್ಲ. ಹುಡುಗಿ ಎರಡೂ ಮಾತನ್ನು ಹಾಗೆಯೇ ಬರೆದು, ಕೆಳಗೆ ನಾಲ್ಕು ಸಾಲಿನಲ್ಲಿ ಈ ಲೆಕ್ಕ ಹಾಕಿದ್ದಳು.

ಒಟ್ಟು 20 ಅಂಕ. ಪ್ರಶ್ನೆಗಳಿಗೆ 5, ಕೇಳಿಸಿಕೊಂಡ ರೀತಿಗೆ 6. ಈ ಆರು ಬರುವುದು ಮರುಪ್ರಶ್ನೆಗಳಿಂದ. ಪಟ್ಟಿಯಲ್ಲಿಲ್ಲದ, ಉತ್ತರದಿಂದಲೇ ಹುಟ್ಟಿದ ಪ್ರಶ್ನೆ ಎಷ್ಟಿವೆ ಎಂದು ನಾನು ದಾಖಲೆಯನ್ನು ಕೇಳಿ ಎಣಿಸುತ್ತೇನೆ. ಒಂದೂ ಇಲ್ಲದಿದ್ದರೆ ಆ ಮಗು ಕೇಳಿಸಿಕೊಳ್ಳುವ ಬದಲು ಪಟ್ಟಿ ಓದಿದೆ ಎಂದೇ ಅರ್ಥ. ಹೇಳಿದವರ ಮಾತಿನಲ್ಲೇ ಬರೆದಿದ್ದರೆ 4. "ತಗಡು ಖಡಖಡ ಅಂದವು, ಬೆಕ್ಕು ಅಂದ್ಕೊಂಡು ಮಲಗಿದೆ" ಎಂಬುದನ್ನು "ಮೇಲ್ಛಾವಣಿಯು ಕಂಪಿಸಿತು" ಎಂದು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಬೆಕ್ಕು ಹೋಗುತ್ತದೆ, ಅದರ ಜೊತೆಗೆ ಎರಡು ಅಂಕವೂ ಹೋಗುತ್ತವೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿದ್ದಕ್ಕೆ 3. ಉಳಿದ 2 ಅಂಕ ಅನುಮತಿಗೆ: ಮೊದಲೂ ಕೇಳಬೇಕು, ಮುಗಿದ ಮೇಲೂ "ಇದನ್ನ ಕ್ಲಾಸಿನಾಗ ಓದಲಾ?" ಎಂದು ಕೇಳಬೇಕು. ಮುಗಿದ ಮೇಲೆ ಕೇಳುವುದೇ ಮುಖ್ಯ. ತಾನು ಏನು ಹೇಳಿದೆ ಎಂಬುದು ಹೇಳುವವರಿಗೆ ಗೊತ್ತಾಗುವುದು ಆಮೇಲೆಯೇ.

ಕತೆ ಎಷ್ಟು ರೋಚಕ ಎಂಬುದಕ್ಕೆ ಒಂದೂ ಅಂಕವಿಲ್ಲ. ಇದರಿಂದಲೇ ಒಮ್ಮೆ ತಕರಾರು ಬಂತು. ಒಬ್ಬ ವಿದ್ಯಾರ್ಥಿನಿಯ ಮುತ್ಯಾ ಅವಶೇಷಗಳಡಿಯ ಹೆಣಗಳನ್ನು, ಸೈನಿಕರನ್ನು, ಅಳುವ ಕೂಸುಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದರು. ಅವಳಿಗೆ 13 ಬಂದಿತ್ತು. ತಾಯಿ ಬಂದು ಕೇಳಿದರು, "ಸರ್, ಇಷ್ಟು ಛಲೋ ಬರದಾಳ, ಯಾಕ ಕಮ್ಮಿ?" ನಾನು ದಾಖಲೆ ಹಾಕಿ ಕೇಳಿಸಿದೆ. ಹನ್ನೊಂದು ನಿಮಿಷದಲ್ಲಿ ಹುಡುಗಿ ಒಮ್ಮೆಯೂ "ನೀವು ಅಲ್ಲಿಗಿ ಹೋಗಿದ್ರೇನು ಮುತ್ಯಾ?" ಎಂದು ಕೇಳಿರಲಿಲ್ಲ. ತಾಯಿಯೇ ನಕ್ಕು ಹೇಳಿದರು, "ನಮ್ಮ ಮಾಮಾ ಆವಾಗ ಮಾರ್ಕೆಟ್ ಬಿಟ್ಟು ಎಲ್ಲೂ ಹೋಗಿಲ್ಲ. ರೇಡಿಯೋದಾಗ ಕೇಳ್ಯಾರ." ರೇಡಿಯೋದಲ್ಲಿ ಕೇಳಿದ್ದೂ ನೆನಪೇ, ಅದನ್ನು ಹಾಗೆಂದು ಬರೆದಿದ್ದರೆ ಆ ಮೂರು ಅಂಕ ಬರುತ್ತಿದ್ದವು.

ಹೆಚ್ಚು ಕಷ್ಟವಾದದ್ದು ಇನ್ನೊಬ್ಬನ ಬರಹಕ್ಕೆ ಅಂಕ ಹಾಕುವುದು. ಅವನ ಮುತ್ಯಾನ ತಂಗಿಯನ್ನು ಕಿಲ್ಲಾರಿ ಹತ್ತಿರದ ಊರಿಗೆ ಕೊಟ್ಟಿದ್ದರು. ದಾಖಲೆಯಲ್ಲಿ ಇದ್ದದ್ದು ಒಂದೂವರೆ ನಿಮಿಷ. "ಎಲ್ಲಿ ಮಲಗಿದ್ರಿ ಮುತ್ಯಾ?" ಎಂದು ಹುಡುಗ ಕೇಳುತ್ತಾನೆ. ಮುತ್ಯಾ "ಮನ್ಯಾಗ" ಎನ್ನುತ್ತಾರೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಬ್ಯಾಡ ಮಗಾ, ಬಿಡು" ಎನ್ನುತ್ತಾರೆ. ಹುಡುಗ "ಆಯ್ತು ಮುತ್ಯಾ, ನೀರು ತರ್ಲಾ?" ಎಂದು ಕೇಳಿದ ಮೇಲೆ ದಾಖಲೆ ನಿಲ್ಲುತ್ತದೆ. ಅರ್ಧ ಪುಟದ ಬರಹದಲ್ಲಿ ಇಷ್ಟೇ ಇತ್ತು, ತಂಗಿಯ ಹೆಸರನ್ನೂ ಅವನು ಬರೆದಿರಲಿಲ್ಲ.

ಪ್ರಶ್ನೆಗಳಿಗೆ 5 ಕೊಟ್ಟೆ. ಕೇಳಿಸಿಕೊಂಡದ್ದಕ್ಕೆ ಆರಕ್ಕೆ ಆರು ಕೊಟ್ಟೆ, ಏಕೆಂದರೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದೂ ಅದರಲ್ಲೇ ಸೇರುತ್ತದೆ. ಅನುಮತಿಗೆ 2. ಅವರ ಮಾತಿನಲ್ಲೇ ಬರೆದಿದ್ದಾನೆ, ಆ ನಾಲ್ಕೂ ಅವನದೇ. ಕಂಡದ್ದು, ಕೇಳಿದ್ದು ಬೇರ್ಪಡಿಸಲು ಅಲ್ಲಿ ಏನೂ ಇರಲಿಲ್ಲ, ಹಾಗಾಗಿ ಆ ಮೂರನ್ನು ಖಾಲಿ ಬಿಟ್ಟು, ಬೇಕಾದರೆ ಬೇರೆ ಯಾರನ್ನಾದರೂ ಕೇಳಿಕೊಂಡು ಬಾ ಎಂದೆ. ಮುಂದಿನ ಸೋಮವಾರ ಅವನು ದೇವಸ್ಥಾನದ ಮುಂದೆ ಹೂವು ಮಾರುವ ಅಮ್ಮನ ಹತ್ತಿರ ಹೋದ. ಅದೇ ಮೊದಲ ಪ್ರಶ್ನೆ ಕೇಳಿದ. ಅವರು ಮಾಲೆ ಕಟ್ಟುತ್ತಲೇ ಇಪ್ಪತ್ತೈದು ನಿಮಿಷ ಮಾತಾಡಿದರು, ನಡುವೆ ಮೂರು ಸಲ ಗಿರಾಕಿಗಳಿಗೆ ಚಿಲ್ಲರೆ ಕೊಟ್ಟರು.