ಮೀಮಿನ ಕೊಂಕು

ಕೆನ್ನೆಗೆ ಕೈಯಾನಿಸಿ ನಗುವ ವಿಲ್ಲಿ ವೋಂಕಾ ಮೀಮನ್ನು ನೋಡಿರುತ್ತೀರಿ. 1971ರ ಸಿನಿಮಾದಲ್ಲಿ ಜೀನ್ ವೈಲ್ಡರ್ ಮಾಡಿದ ಪಾತ್ರ ಅದು. ಡಿಗ್ರಿ ಮುಗಿಸಿದ ಹುಡುಗನನ್ನು ಅಣಕಿಸುವ ಅದರ ಇಂಗ್ಲಿಷ್ ಸಾಲನ್ನು ಯಾರೋ ಹೀಗೆ ಕನ್ನಡಿಸಿದ್ದರು: 'ನೀವು ಈಗಷ್ಟೇ ಪದವಿ ಪಡೆದಿರಾ? ನಿಮಗೆ ಎಲ್ಲವೂ ತಿಳಿದಿರಬೇಕು.' ಓದಿದರೆ ಅಭಿನಂದನೆಯಂತಿದೆ, ಕೊಂಕೇ ಇಲ್ಲ.

ಕನ್ನಡದಲ್ಲಿ ಕೊಂಕು ಹೆಚ್ಚಾಗಿ ಅತಿಮರ್ಯಾದೆಯಲ್ಲಿರುತ್ತದೆ. 'ನೀನು' ಎನ್ನಬೇಕಾದ ಹುಡುಗನಿಗೆ 'ತಾವು' ಅಂದರೆ ಅರ್ಧ ಕೆಲಸ ಆಯಿತು. 'ಓಹೋ, ಡಿಗ್ರಿ ಮುಗೀತಾ?' ಎಂದು ಮೇಲೆ, 'ಇನ್ನೇನು, ತಮಗೆ ಗೊತ್ತಿಲ್ದೇ ಇರೋದು ಏನಿದೆ ಬಿಡಿ' ಎಂದು ಕೆಳಗೆ. ಆ 'ಬಿಡಿ' ಕೊನೆಗೇ ಬರಬೇಕು. ಏಟು ಇರುವುದು ಅಲ್ಲೇ.

ಚಿತ್ರ ಬದಲಿಸುವುದು ಬೇಡ. ಸಿನಿಮಾ ನೋಡದವರಿಗೂ ಆ ನಗುವಿನ ಉಡಾಫೆ ಅರ್ಥವಾಗುತ್ತದೆ. ಆದರೆ ಸಾಲಿನಲ್ಲೇ ಅಮೆರಿಕದ ಟಿವಿ ಜಾಹೀರಾತಿನ ಹೆಸರಿದ್ದರೆ ಆ ಮುಖ ಸಾಲನ್ನು ಕಾಪಾಡುವುದಿಲ್ಲ. ಆಗ ನಮ್ಮ ಓದುಗರಿಗೆ ಅದೇ ಕೆಲಸ ಮಾಡುವ ಇನ್ನೊಂದನ್ನು ಹುಡುಕಬೇಕು. ಚಿತ್ರದ ಮೂಲೆಯಲ್ಲಿ ವಿವರಣೆ ತುರುಕಿದರೆ ನಗು ಅಲ್ಲೇ ಸತ್ತಂತೆ.

ಹಾಕುವ ಮೊದಲು ಮೂಲ ನೋಡದ ಒಬ್ಬರಿಗೆ ತೋರಿಸಿ. 'ಹೌದು, ಅದಕ್ಕೇನೀಗ?' ಅಂದರೆ ದಯವಿಟ್ಟು ಮತ್ತೆ ಬರೆಯಿರಿ.